ಮನೆಯಲ್ಲಿ ಮೈನ್‌ಕ್ರಾಫ್ಟ್ ಸರ್ವರ್: ನ್ಯಾಟ್ ಟೈಪ್ 2 ಇದ್ದರೂ ಹೊರಗಿನವರಿಗೆ ಏಕೆ ಸೇರಲಾಗುತ್ತಿಲ್ಲ? ಯುಪಿಎನ್‌ಪಿ ಆನ್ ಇಟ್ಟರೆ ಅಪಾಯವೇ?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಮನೆಯಲ್ಲಿ ಫೈಬರ್ ಸಂಪರ್ಕವಿದೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ಓಎನ್‌ಟಿ ಪೆಟ್ಟಿಗೆಯೇ ವೈಫೈ ರೂಟರ್ ಕೂಡ ಆಗಿದೆ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಹಾಕಿದ್ದೇನೆ. ಮನೆಯ ಮಕ್ಕಳು ಅದರಲ್ಲಿ ಚೆನ್ನಾಗಿ ಆಡುತ್ತಾರೆ, ಆದರೆ ಶಿವಮೊಗ್ಗದಲ್ಲಿರುವ ತಂಗಿಯ ಮಗನಿಗೂ ಪುಣೆಯಲ್ಲಿರುವ ಅಣ್ಣನ ಮಕ್ಕಳಿಗೂ "Connection timed out" ಎಂದೇ ಬರುತ್ತದೆ.

ಒಂದು ವಿಡಿಯೋ ನೋಡಿ ರೂಟರ್‌ನಲ್ಲಿ ಯುಪಿಎನ್‌ಪಿ ಆನ್ ಮಾಡಿದೆ. ಪ್ಲೇಸ್ಟೇಷನ್‌ನ ನೆಟ್‌ವರ್ಕ್ ಪರೀಕ್ಷೆಯಲ್ಲಿ ಈಗ ನ್ಯಾಟ್ ಟೈಪ್ 2 ಎಂದು ತೋರಿಸುತ್ತಿದೆ, ಆನ್‌ಲೈನ್ ಆಟಗಳೂ ತೊಂದರೆಯಿಲ್ಲದೆ ನಡೆಯುತ್ತಿವೆ. ಟೈಪ್ 2 ಎಂದರೆ ಸಂಪರ್ಕ ಸರಿಯಿದೆ ಎಂದಲ್ಲವೇ? ಹಾಗಿದ್ದರೆ ಸರ್ವರ್ ಮಾತ್ರ ಏಕೆ ಹೊರಗೆ ಕಾಣುತ್ತಿಲ್ಲ? ಇನ್ನೊಂದು ಪ್ರಶ್ನೆ, ಯುಪಿಎನ್‌ಪಿಯನ್ನು ಹೀಗೆಯೇ ಆನ್ ಇಟ್ಟರೆ ಅಪಾಯ ಎಂದು ಕೆಲವರು ಹೇಳುತ್ತಾರೆ. ಏನು ಅಪಾಯ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಕಡಲೂರ ಆಟಗಾರ:

ಯುಪಿಎನ್‌ಪಿ ಆನ್ ಇದ್ದರೆ ಆಟ ತನಗೆ ಬೇಕಾದ ಪೋರ್ಟನ್ನು ತಾನೇ ತೆರೆಸಿಕೊಳ್ಳುತ್ತದೆ, ಆಟ ಮುಚ್ಚಿದಾಗ ಪೋರ್ಟ್ ಕೂಡ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಭಯಪಡುವಂಥದ್ದು ಏನೂ ಇಲ್ಲ. ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್ ಫೈರ್‌ವಾಲ್ ಅಡ್ಡ ಬರುತ್ತಿರಬಹುದು, ಅಲ್ಲಿ ಜಾವಾಕ್ಕೆ ಅನುಮತಿ ಕೊಡಿ. ಆಗಲೂ ಆಗದಿದ್ದರೆ ರೂಟರ್‌ನ ಡಿಎಂಜೆಡ್‌ಗೆ ಲ್ಯಾಪ್‌ಟಾಪಿನ ಐಪಿ ಹಾಕಿಬಿಡಿ, ಖಂಡಿತ ಕೆಲಸ ಮಾಡುತ್ತದೆ.

ಜಾಲಪಾಲಕ:

ಡಿಎಂಜೆಡ್‌ಗೆ ದಯವಿಟ್ಟು ಹಾಕಬೇಡಿ. ಒಂದು ಪೋರ್ಟ್ ಬೇಕಾದ ಕಡೆ ಆ ಲ್ಯಾಪ್‌ಟಾಪಿನ ಎಲ್ಲ ಪೋರ್ಟುಗಳನ್ನೂ ಹೊರಗಿನವರ ಮುಂದೆ ಇಟ್ಟಂತಾಗುತ್ತದೆ. ಫೈರ್‌ವಾಲ್ ಬಗ್ಗೆ ಹೇಳಿದ್ದು ಸರಿ, ಅದನ್ನು ನೋಡಿಕೊಳ್ಳಲೇಬೇಕು. ಆದರೆ ಮನೆಯೊಳಗಿನ ಬೇರೆ ಕಂಪ್ಯೂಟರುಗಳಿಂದ ಮಕ್ಕಳು ಸೇರುತ್ತಿದ್ದಾರೆ ಎಂದರೆ ಈ ಪ್ರಕರಣದಲ್ಲಿ ಅಡ್ಡಿ ಅಲ್ಲಿಲ್ಲ.

ಬೆಣ್ಣೆನಗರಿಯವರೇ, ಮನೆಯ ಎಲ್ಲ ಸಾಧನಗಳೂ ಒಂದೇ ಹೊರ ಐಪಿಯನ್ನು ಹಂಚಿಕೊಳ್ಳುವಂತೆ ರೂಟರ್ ವಿಳಾಸ ಬದಲಿಸುವುದೇ ನ್ಯಾಟ್. ಕನ್ಸೋಲ್ ತೋರಿಸುವ ನ್ಯಾಟ್ ಟೈಪ್ ಉತ್ತರಿಸುವ ಪ್ರಶ್ನೆಯೇ ಬೇರೆ. ಆಟವಾಡುವಾಗ ನಿಮ್ಮ ಕನ್ಸೋಲ್ ಮೊದಲು ತಾನೇ ಹೊರಗೆ ಮಾತನಾಡುತ್ತದೆ. ಆಗ ರೂಟರ್ ಆ ಮಾತಿಗೆ ಬರುವ ಉತ್ತರಕ್ಕಾಗಿ ಒಂದು ದಾರಿಯನ್ನು ತಾತ್ಕಾಲಿಕವಾಗಿ ತೆರೆದಿಡುತ್ತದೆ. ಆ ದಾರಿಯ ಪೋರ್ಟ್ ಸಂಖ್ಯೆ ಎಲ್ಲರ ಜೊತೆ ಮಾತನಾಡುವಾಗಲೂ ಒಂದೇ ಆಗಿ ಉಳಿದರೆ, ಆಟದ ಕಂಪನಿಯ ಸರ್ವರ್ ಅದನ್ನು ಎದುರಾಳಿಯ ಕನ್ಸೋಲಿಗೆ ತಿಳಿಸಿ ಇಬ್ಬರನ್ನೂ ನೇರವಾಗಿ ಜೋಡಿಸಬಲ್ಲದು, ಟೈಪ್ 2 ಬರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪೋರ್ಟ್ ಕೊಡುವ ರೂಟರ್ ಆದರೆ ಆ ಜೋಡಣೆ ತಪ್ಪುತ್ತದೆ, ಟೈಪ್ 3 ಕಾಣುತ್ತದೆ. ಎಕ್ಸ್‌ಬಾಕ್ಸಿನ ಓಪನ್, ಮಾಡರೇಟ್, ಸ್ಟ್ರಿಕ್ಟ್ ಎಂಬ ಹೆಸರುಗಳೂ ಇದೇ ವಿಷಯವನ್ನು ಅಳೆಯುತ್ತವೆ.

ಸರ್ವರ್ ಇಡುವವರ ಪರಿಸ್ಥಿತಿ ಹಾಗಲ್ಲ. ನಿಮ್ಮ ಲ್ಯಾಪ್‌ಟಾಪ್ ಪುಣೆಯ ಮಕ್ಕಳಿಗೆ ಮೊದಲು ಏನನ್ನೂ ಕಳುಹಿಸಿರುವುದಿಲ್ಲ. ಹೊರಗಿನಿಂದ ಬಂದ ಮೊದಲ ಕರೆಯನ್ನೇ ರೂಟರ್ ಒಳಗೆ ಬಿಡಬೇಕು. ಟೈಪ್ 2 ಇದ್ದ ಮಾತ್ರಕ್ಕೆ ಅದು ಆಗುವುದಿಲ್ಲ. ಇನ್ನೂ ಒಂದು ಮಾತು: ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಯುಪಿಎನ್‌ಪಿ ಮೂಲಕ ಪೋರ್ಟ್ ಕೇಳುವುದೇ ಇಲ್ಲ. ಯುಪಿಎನ್‌ಪಿ ಆನ್ ಇದ್ದರೂ ಕೇಳುವವರಿಲ್ಲದಿದ್ದರೆ ರೂಟರ್ ತಾನಾಗಿ ಏನನ್ನೂ ತೆರೆಯುವುದಿಲ್ಲ.

ಎರಡು ವಿಷಯ ತಿಳಿಸಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರಿನ ಹೊರಬದಿಯ ವಿಳಾಸ, ಏನಿದೆ? ಜೊತೆಗೆ ಮಿನಿಯುಪಿಎನ್‌ಪಿ ಎಂಬ ಸಣ್ಣ ಉಚಿತ ಪ್ರೋಗ್ರಾಂ ಇಳಿಸಿಕೊಂಡು `upnpc-static.exe -l` ಎಂದು ಓಡಿಸಿ, ಬಂದದ್ದನ್ನು ಇಲ್ಲಿ ಹಾಕಿ.

ಬೆಣ್ಣೆನಗರಿ:

ವ್ಯಾನ್ ಐಪಿ 100.84 ರಿಂದ ಆರಂಭವಾಗುತ್ತದೆ. ಆ ಪ್ರೋಗ್ರಾಂ ಕೊಟ್ಟದ್ದು ಹೀಗಿದೆ:

```
ExternalIPAddress = 100.84.17.6
 i protocol exPort->inAddr:inPort description remoteHost leaseTime
 0 UDP  9308->192.168.1.31:9308  '192.168.1.31:9308 to 9308 (UDP)' '' 0
 1 TCP  8080->192.168.1.64:80    'HTTP' '' 0
 2 TCP   554->192.168.1.64:554   'RTSP' '' 0
```

31 ನಮ್ಮ ಪ್ಲೇಸ್ಟೇಷನ್. 64 ಯಾವುದು ಎಂದು ಹುಡುಕಿ ನೋಡಿದೆ. ಗೇಟಿನ ಕ್ಯಾಮೆರಾಗಳಿಗೆಂದು ಹಾಕಿಸಿದ ಡಿವಿಆರ್ ಅದು! ನಾನು ಅದಕ್ಕೆ ಯಾವ ಪೋರ್ಟನ್ನೂ ತೆರೆದುಕೊಟ್ಟಿಲ್ಲ.

ಚೆನ್ನಮ್ಮ ಸರ್ಕಲ್:

ನನ್ನದೂ ಇದೇ ಸಮಸ್ಯೆ. ಹುಬ್ಬಳ್ಳಿಯಲ್ಲಿ ನನ್ನ ಅಂಗಡಿಯ ಕ್ಯಾಮೆರಾಗಳನ್ನು ಮನೆಯಿಂದ ಮೊಬೈಲಿನಲ್ಲಿ ನೋಡಲು ಆಗುತ್ತಿಲ್ಲ. ಡಿವಿಆರ್ ಹಾಕಿದ ಹುಡುಗ ಯುಪಿಎನ್‌ಪಿ ಆನ್ ಮಾಡಿ ಎಂದಿದ್ದ, ಮಾಡಿದ್ದೇನೆ, ಆದರೂ ತೆರೆಯುವುದಿಲ್ಲ. ನಾನು ಯಾವ ಪೋರ್ಟ್ ಹಾಕಬೇಕು? 8080 ಹಾಕಿದರೆ ಸಾಕೇ?

ಜಾಲಪಾಲಕ:

ಚೆನ್ನಮ್ಮ ಸರ್ಕಲ್ ಅವರೇ, ಇಲ್ಲಿ ನಡೆಯುತ್ತಿರುವುದು ಆಟದ ಸರ್ವರಿನ ಚರ್ಚೆ, ಆದರೆ ನಿಮ್ಮ ಪ್ರಶ್ನೆ ಬಂದದ್ದು ಒಳ್ಳೆಯದೇ ಆಯಿತು. ದಯವಿಟ್ಟು ಯಾವ ಪೋರ್ಟನ್ನೂ ಹಾಕಬೇಡಿ. ಡಿವಿಆರ್ ಕಂಪನಿಯ ಮೊಬೈಲ್ ಆ್ಯಪ್ ಮೂಲಕ ನೋಡುವ ವ್ಯವಸ್ಥೆ ಇದ್ದರೆ ಅದಕ್ಕೆ ಪೋರ್ಟ್ ತೆರೆಯುವ ಅಗತ್ಯವಿಲ್ಲ, ಏಕೆಂದರೆ ಅಲ್ಲಿ ಡಿವಿಆರ್ ತಾನೇ ಹೊರಗೆ ಸಂಪರ್ಕ ಮಾಡುತ್ತದೆ. ಏಕೆ ಬೇಡ ಎನ್ನುತ್ತೇನೆ ಎಂಬುದು ಕೆಳಗಿನ ಉತ್ತರದಲ್ಲಿದೆ.

ಬೆಣ್ಣೆನಗರಿಯವರೇ, ಮೊದಲು ನಿಮ್ಮ ವ್ಯಾನ್ ಐಪಿ ನೋಡೋಣ. 100.64 ರಿಂದ 100.127 ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳು ತಮ್ಮ ಜಾಲದೊಳಗೇ ಬಳಸಿಕೊಳ್ಳಲೆಂದು 2012 ರಲ್ಲಿ ಕಾದಿರಿಸಲಾಯಿತು. ಅಂದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನಿಮ್ಮ ಓಎನ್‌ಟಿಯ ಆಚೆ ಕಂಪನಿಯ ದೊಡ್ಡ ನ್ಯಾಟ್ ಯಂತ್ರವೊಂದಿದೆ, ಒಂದು ಸಾರ್ವಜನಿಕ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. ನಿಮ್ಮ ಓಎನ್‌ಟಿಯಲ್ಲಿ ನೀವು ಎಷ್ಟು ಪೋರ್ಟ್ ತೆರೆದರೂ ಆ ದೊಡ್ಡ ಯಂತ್ರಕ್ಕೆ ಅದರ ಸುಳಿವು ಸಿಗುವುದಿಲ್ಲ, ಪುಣೆಯ ಮಕ್ಕಳ ಕರೆ ಅಲ್ಲಿಯೇ ಬಿದ್ದುಹೋಗುತ್ತದೆ. ಕೆಲವು ರೂಟರ್‌ಗಳು ಇಂಥ ವಿಳಾಸ ಕಂಡರೆ ಯುಪಿಎನ್‌ಪಿ ಕೋರಿಕೆಯನ್ನು ತಿರಸ್ಕರಿಸುತ್ತವೆ, ನಿಮ್ಮದು ಎಲ್ಲವನ್ನೂ ಒಪ್ಪಿಕೊಂಡು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದೆ. ಆದ್ದರಿಂದ "ಪೋರ್ಟ್ ತೆರೆದಿದೆ" ಎಂದು ರೂಟರ್ ಹೇಳಿದ್ದನ್ನು ನಂಬಬಾರದು.

ಈಗ ಆ ಪಟ್ಟಿಯ ವಿಷಯ. ನಿಮ್ಮ ಡಿವಿಆರ್ ತನ್ನ ಲಾಗಿನ್ ಪುಟವನ್ನೂ ವಿಡಿಯೋ ಪೋರ್ಟನ್ನೂ ಹೊರಗೆ ತೆರೆಯುವಂತೆ ರೂಟರ್ ಅನ್ನು ಕೇಳಿಕೊಂಡಿದೆ, ರೂಟರ್ ನಿಮ್ಮನ್ನು ಒಂದು ಮಾತೂ ಕೇಳದೆ ಒಪ್ಪಿದೆ. ಯುಪಿಎನ್‌ಪಿಯ ಮೂಲ ವಿನ್ಯಾಸವೇ ಹಾಗೆ: ಮನೆಯ ಜಾಲದೊಳಗಿನ ಯಾವುದೇ ಸಾಧನ, ಯಾವುದೇ ಪ್ರೋಗ್ರಾಂ, ಪಾಸ್‌ವರ್ಡ್ ಇಲ್ಲದೆ ಕೇಳಬಹುದು. ಕೇಳಿದವರು ಆಟವೋ ಡಿವಿಆರೋ ವೈರಸ್ಸೋ ಎಂಬುದು ರೂಟರಿಗೆ ತಿಳಿಯದು. 2008 ರ ಕಾನ್‌ಫಿಕರ್ ಹುಳು ಸೋಂಕಿತ ಕಂಪ್ಯೂಟರಿಗೆ ಹೊರಗಿನಿಂದ ದಾರಿ ಮಾಡಿಕೊಳ್ಳಲು ಯುಪಿಎನ್‌ಪಿಯನ್ನೇ ಬಳಸಿಕೊಂಡಿತ್ತು.

ಕಡಲೂರ ಆಟಗಾರರು "ಆಟ ಮುಚ್ಚಿದಾಗ ಪೋರ್ಟ್ ಮುಚ್ಚಿಕೊಳ್ಳುತ್ತದೆ" ಎಂದದ್ದು ಅರ್ಧ ಸತ್ಯ. ಶಿಸ್ತಿನಿಂದ ಬರೆದ ಆಟ ಹೊರಡುವಾಗ ಅಳಿಸಿ ಹೋಗುತ್ತದೆ. ಆಟ ಕ್ರ್ಯಾಶ್ ಆದರೆ ಅಥವಾ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಅಳಿಸುವವರೇ ಇರುವುದಿಲ್ಲ. ಮೇಲಿನ ಸಾಲುಗಳ ಕೊನೆಯಲ್ಲಿರುವ 0 ಎಂಬುದನ್ನು ಗಮನಿಸಿ, ಅದು ಅವಧಿ. ಯುಪಿಎನ್‌ಪಿಯ ಹಳೆಯ ಆವೃತ್ತಿಯಲ್ಲಿ 0 ಎಂದರೆ ಮಿತಿಯೇ ಇಲ್ಲ, ಯಾರಾದರೂ ಅಳಿಸುವವರೆಗೆ ಅಥವಾ ರೂಟರ್ ಮರುಪ್ರಾರಂಭವಾಗುವವರೆಗೆ ಹಾಗೆಯೇ ಇರುತ್ತದೆ. ಹೊಸ ಆವೃತ್ತಿ ಅದಕ್ಕೆ 7 ದಿನಗಳ ಮಿತಿ ಹಾಕಿತು, ಆದರೆ ಡಿವಿಆರ್‌ನಂತಹ ಸಾಧನ ಮತ್ತೆ ಮತ್ತೆ ಕೇಳುತ್ತಲೇ ಇರುವುದರಿಂದ ಆ ಮಿತಿಯಿಂದಲೂ ನಿಮಗೆ ಪ್ರಯೋಜನವಿಲ್ಲ.

ನಿಮ್ಮ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ಇಲ್ಲಿಯವರೆಗೆ ಸಿಜಿನ್ಯಾಟ್ ಅಡ್ಡ ಇದ್ದದ್ದರಿಂದ ಡಿವಿಆರ್ ತೆರೆಸಿಕೊಂಡ ಪೋರ್ಟುಗಳು ಹೊರಗಿನವರಿಗೆ ತಲುಪುತ್ತಿರಲಿಲ್ಲ. ಆಟದ ಸರ್ವರಿಗಾಗಿ ನೀವು ಕಂಪನಿಯಿಂದ ಸಾರ್ವಜನಿಕ ಐಪಿ ಪಡೆದ ಕ್ಷಣವೇ, ನೀವು ಬೇರೆ ಏನನ್ನೂ ಮುಟ್ಟದಿದ್ದರೂ, ಆ ಎರಡು ಪೋರ್ಟುಗಳು ನಿಜವಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ಮೊದಲು ಪಟ್ಟಿ ಖಾಲಿ ಮಾಡಿ, ಸಾರ್ವಜನಿಕ ಐಪಿಯ ಅರ್ಜಿ ಆಮೇಲೆ.

ಎಡಿಸನ್ ಕನ್ನಡಿಗ:

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಯುಪಿಎನ್‌ಪಿ ಎಂದರೆ ಕೂಡಲೇ ಆಫ್ ಮಾಡಿ ಎನ್ನುವ ಸಲಹೆಯನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ಮನೆಯಲ್ಲಿ ಎರಡು ಎಕ್ಸ್‌ಬಾಕ್ಸ್‌ಗಳಿವೆ, ಎರಡಕ್ಕೂ ಯುಡಿಪಿ 3074 ಬೇಕು. ಕೈಯಾರೆ ಫಾರ್ವರ್ಡ್ ಮಾಡಿದರೆ ಒಂದು ಪೋರ್ಟ್ ಒಂದೇ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದು ಸ್ಟ್ರಿಕ್ಟ್ ಎಂದು ತೋರಿಸುತ್ತದೆ, ಮಕ್ಕಳಿಬ್ಬರಿಗೂ ಒಂದೇ ಆಟದಲ್ಲಿ ಮಾತನಾಡಲು ಆಗುವುದಿಲ್ಲ. ಯುಪಿಎನ್‌ಪಿ ಆನ್ ಇದ್ದರೆ ಎರಡನೆಯದು ಬೇರೆ ಪೋರ್ಟ್ ಕೇಳಿ ಪಡೆಯುತ್ತದೆ. ಬಳಸುವವರ ನಿಜವಾದ ಅಗತ್ಯವನ್ನೂ ನೋಡಬೇಕಲ್ಲವೇ?

ಜಾಲಪಾಲಕ:

ನಿಮ್ಮ ಅಗತ್ಯ ನಿಜವಾದದ್ದೇ. ಎಕ್ಸ್‌ಬಾಕ್ಸಿನ ನೆಟ್‌ವರ್ಕ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಒಳಗೆ "Alternate port selection" ಎಂಬುದಿದೆ. ಎರಡನೆಯ ಯಂತ್ರಕ್ಕೆ ಅಲ್ಲಿ ಬೇರೆ ಪೋರ್ಟ್ ಆರಿಸಿ, ಅದನ್ನೇ ಕೈಯಾರೆ ಫಾರ್ವರ್ಡ್ ಮಾಡಬಹುದು. ಅದು ಬೇಡವೆಂದರೆ, ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಇರುವ ರೂಟರ್‌ನಲ್ಲಿ ಯಾರು ಕೇಳಿದರೆ ಮಾತ್ರ ಕೊಡಬೇಕು ಎಂದು ಬರೆದಿಡಬಹುದು:

```
config perm_rule
	option action 'allow'
	option ext_ports '1024-65535'
	option int_addr '192.168.1.31/32'
	option int_ports '1024-65535'

config perm_rule
	option action 'deny'
	option ext_ports '0-65535'
	option int_addr '0.0.0.0/0'
	option int_ports '0-65535'
```

ಮೇಲಿನಿಂದ ಕೆಳಕ್ಕೆ ಮೊದಲು ಹೊಂದುವ ನಿಯಮವೇ ಅನ್ವಯವಾಗುವುದರಿಂದ ಕನ್ಸೋಲ್ ಒಂದಕ್ಕೆ ಮಾತ್ರ ಅನುಮತಿ, ಡಿವಿಆರ್ ಕೇಳಿದರೆ ನಿರಾಕರಣೆ. ಎರಡು ಕನ್ಸೋಲ್ ಇದ್ದರೆ ಅನುಮತಿಯ ನಿಯಮವನ್ನು ಎರಡು ಸಲ ಬರೆಯಬೇಕು. ಇದರ ಜೊತೆಗೆ ಸೆಕ್ಯೂರ್ ಮೋಡ್ ಆನ್ ಇರಲಿ. ಆಗ ಒಂದು ಸಾಧನ ತನ್ನ ಐಪಿಗೆ ಮಾತ್ರ ಪೋರ್ಟ್ ಕೇಳಬಹುದು, ಮನೆಯ ಇನ್ನೊಂದು ಸಾಧನದ ಪರವಾಗಿ ಕೇಳಲಾಗದು.

ಎಡಿಸನ್ ಕನ್ನಡಿಗ:

ಕನ್ಸೋಲಿಗೆ ಇದು ಆದೀತು. ಆದರೆ ಪೋರ್ಟ್ ಬದಲಿಸಲು ಬಿಡದ ಪಿಸಿ ಆಟಗಳಿವೆ, ಮತ್ತು ಹೆಚ್ಚಿನ ಮನೆಗಳ ರೂಟರ್‌ಗಳಲ್ಲಿ ಇಂಥ ನಿಯಮ ಬರೆಯುವ ಸೌಲಭ್ಯವೇ ಇಲ್ಲ. ಅವರಿಗೆ ಉಳಿಯುವುದು ಆನ್ ಅಥವಾ ಆಫ್ ಎಂಬ ಎರಡೇ ದಾರಿ. ಎಲ್ಲರೂ ಆಫ್ ಮಾಡಲೇಬೇಕು ಎಂಬ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ.

ಜಾಲಪಾಲಕ:

ಮನೆಯಲ್ಲಿ ಎರಡು ಕನ್ಸೋಲ್, ಎರಡು ಫೋನ್ ಮಾತ್ರ ಇದ್ದರೆ ನಿಮ್ಮ ಮಾತಿಗೆ ತೂಕವಿದೆ. ಡಿವಿಆರ್, ಹಾರ್ಡ್‌ಡಿಸ್ಕ್ ಪೆಟ್ಟಿಗೆ, ಅಗ್ಗದ ಸ್ಮಾರ್ಟ್ ಸಾಧನಗಳು ಅದೇ ಜಾಲದಲ್ಲಿದ್ದರೆ ನಾನು ಆಫ್ ಎಂದೇ ಹೇಳುತ್ತೇನೆ. 2022 ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಸಂಗ್ರಹಣಾ ಪೆಟ್ಟಿಗೆಗಳಲ್ಲಿನ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ರೂಟರ್‌ನ ಪೋರ್ಟ್ ಫಾರ್ವರ್ಡಿಂಗನ್ನೂ ಪೆಟ್ಟಿಗೆಯ ಯುಪಿಎನ್‌ಪಿಯನ್ನೂ ಆಫ್ ಮಾಡಿ ಎಂದು ಆ ಕಂಪನಿಯೇ ಗ್ರಾಹಕರಿಗೆ ತಿಳಿಸಿತು. ರೂಟರ್‌ನ ದೋಷದಿಂದ ಯುಪಿಎನ್‌ಪಿ ಹೊರಗಿನ ಬದಿಗೂ ಉತ್ತರಿಸುವುದು ಇನ್ನೊಂದು ಕಥೆ. 2013 ರಲ್ಲಿ ರ‍್ಯಾಪಿಡ್ 7 ಸಂಸ್ಥೆ ಇಡೀ ಇಂಟರ್ನೆಟ್ಟನ್ನು ತಡಕಿ ನೋಡಿದಾಗ 8 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಹಾಗೆ ಉತ್ತರ ಕೊಟ್ಟಿದ್ದವು.

ಬೆಣ್ಣೆನಗರಿ:

ಇವತ್ತು ಮಾಡಿದ್ದನ್ನು ತಿಳಿಸುತ್ತೇನೆ. `upnpc-static.exe -d 8080 TCP` ಎಂದು ಅಳಿಸಿದೆ, 554 ನ್ನೂ ಅಳಿಸಿದೆ. ಊಟ ಮುಗಿಸಿ ಬಂದು ನೋಡಿದರೆ ಎರಡೂ ಮತ್ತೆ ಪಟ್ಟಿಯಲ್ಲಿದ್ದವು! ಆಮೇಲೆ ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಯುಪಿಎನ್‌ಪಿ ಎಂಬ ಟಿಕ್ ತೆಗೆದು, ರೂಟರ್‌ನಲ್ಲೂ ಆಫ್ ಮಾಡಿ, ಮರುಪ್ರಾರಂಭಿಸಿದ ಮೇಲೆ ಪಟ್ಟಿ ಖಾಲಿಯಾಯಿತು. ಡಿವಿಆರ್ ಪಾಸ್‌ವರ್ಡನ್ನೂ ಬದಲಿಸಿದೆ. ಪ್ಲೇಸ್ಟೇಷನ್ ಈಗಲೂ ಟೈಪ್ 2 ಎಂದೇ ತೋರಿಸುತ್ತಿದೆ, ಆಟದಲ್ಲಿ ವ್ಯತ್ಯಾಸ ಕಂಡಿಲ್ಲ.

ಕಂಪನಿಯವರು ತಿಂಗಳಿಗೆ ಹೆಚ್ಚುವರಿ ಹಣಕ್ಕೆ ಸ್ಥಿರ ಸಾರ್ವಜನಿಕ ಐಪಿ ಕೊಡುತ್ತಾರಂತೆ. ಅದು ಬಂದ ಮೇಲೆ ಕೈಯಾರೆ ಪೋರ್ಟ್ ತೆರೆಯುವ ಕ್ರಮ ತಿಳಿಸುತ್ತೀರಾ?

ಜಾಲಪಾಲಕ:

ಪಟ್ಟಿ ಮತ್ತೆ ತುಂಬಿಕೊಂಡದ್ದನ್ನು ಗಮನಿಸಿ ಬರೆದದ್ದು ಬಹಳ ಉಪಯುಕ್ತ. ಸಾಧನದಲ್ಲೇ ಆಫ್ ಮಾಡದೆ ರೂಟರ್‌ನಲ್ಲಿ ಅಳಿಸಿ ಸುಮ್ಮನಾಗುವವರೇ ಹೆಚ್ಚು.

ಕ್ರಮ ಸರಳವಾಗಿದೆ. ಮೊದಲು ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿಯನ್ನು ಕಾದಿರಿಸಿ, ಉದಾಹರಣೆಗೆ 192.168.1.40. ಇದನ್ನು ಬಿಟ್ಟರೆ ಮುಂದೊಂದು ದಿನ ಲ್ಯಾಪ್‌ಟಾಪಿಗೆ ಬೇರೆ ಐಪಿ ಸಿಕ್ಕಿ, ತೆರೆದ ಪೋರ್ಟ್ ಮನೆಯ ಇನ್ಯಾವುದೋ ಸಾಧನದತ್ತ ಮುಖ ಮಾಡುತ್ತದೆ. ಆಮೇಲೆ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ ಟಿಸಿಪಿ 25565 ನ್ನು 192.168.1.40 ರ 25565 ಕ್ಕೆ ಕೊಡಿ, ಅಷ್ಟೇ ಸಾಕು. ಲ್ಯಾಪ್‌ಟಾಪಿನ ಫೈರ್‌ವಾಲಿನಲ್ಲೂ ಆ ಒಂದು ಪೋರ್ಟಿಗೆ ಮಾತ್ರ ಒಳಬರುವ ಅನುಮತಿ ಇರಲಿ.

ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಬೇಡಿ. ನಿಮ್ಮದೇ ಸಾರ್ವಜನಿಕ ಐಪಿಯನ್ನು ಒಳಗಿನಿಂದ ಕರೆದರೆ ಅನೇಕ ಓಎನ್‌ಟಿಗಳು ಅದನ್ನು ಮರಳಿ ಒಳಕ್ಕೆ ತಿರುಗಿಸುವುದಿಲ್ಲ, ಎಲ್ಲ ಸರಿಯಿದ್ದರೂ ವಿಫಲವಾದಂತೆ ಕಾಣುತ್ತದೆ. ಬೇರೊಂದು ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ, ಸರ್ವರ್ ಓಡುತ್ತಿರುವಾಗ, ನಿಮ್ಮ ಐಪಿ ಹಾಕಿ ಪವರ್‌ಶೆಲ್‌ನಲ್ಲಿ ಇದನ್ನು ಓಡಿಸಿ:

```
Test-NetConnection 203.0.113.25 -Port 25565
```

`TcpTestSucceeded : True` ಬಂದರೆ ದಾರಿ ತೆರೆದಿದೆ. 8080 ಮತ್ತು 554 ಕ್ಕೂ ಓಡಿಸಿ ನೋಡಿ, ಅವು `False` ಎಂದೇ ಬರಬೇಕು. ಇದು ಟಿಸಿಪಿಗೆ ಮಾತ್ರ. ಯುಡಿಪಿ ಬಳಸುವ ಬೆಡ್‌ರಾಕ್ ಆವೃತ್ತಿಯ 19132 ನ್ನು ಹೀಗೆ ಪರೀಕ್ಷಿಸಲಾಗದು, ಆಟದಿಂದಲೇ ಸೇರಿ ನೋಡಬೇಕು.

ಟೀಚರಮ್ಮ:

ಪೋರ್ಟ್ ಒಂದೇ ಆದರೂ ಅದರ ಹಿಂದೆ ಇರುವ ಪ್ರೋಗ್ರಾಂ ಬಗ್ಗೆ ಯಾರೂ ಮಾತನಾಡಲಿಲ್ಲ. 2021 ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ದೋಷ ಬಯಲಾದಾಗ ಮೈನ್‌ಕ್ರಾಫ್ಟ್ ಜಾವಾ ಸರ್ವರ್‌ಗಳೂ ಅದಕ್ಕೆ ತುತ್ತಾಗಿದ್ದವು, ಚಾಟ್‌ನಲ್ಲಿ ಒಂದು ಸಾಲು ಬರೆದೇ ಸರ್ವರ್ ಯಂತ್ರದಲ್ಲಿ ತಮಗೆ ಬೇಕಾದದ್ದನ್ನು ಓಡಿಸಬಹುದಾಗಿತ್ತು. ಸರಿಪಡಿಸಿದ್ದು 1.18.1 ಆವೃತ್ತಿಯಲ್ಲಿ. ಹಳೆಯ ಮಾಡ್‌ಗಳಿಗಾಗಿ ಹಳೆಯ ಆವೃತ್ತಿಯಲ್ಲೇ ಉಳಿದವರಿಗೆ ಕೈಯಾರೆ ಪೋರ್ಟ್ ತೆರೆದರೂ ಅಷ್ಟೇ ಅಪಾಯವಿದೆ.

ನಾನು ಪೋರ್ಟ್ ತೆರೆಯುವ ಗೋಜಿಗೇ ಹೋಗಲಿಲ್ಲ. ಅಕ್ಕನ ಮಕ್ಕಳ ಕಂಪ್ಯೂಟರ್‌ಗಳಲ್ಲೂ ನಮ್ಮದರಲ್ಲೂ ಯಂತ್ರಗಳನ್ನು ಖಾಸಗಿ ಜಾಲವಾಗಿ ಜೋಡಿಸುವ ಟೈಲ್‌ಸ್ಕೇಲ್ ಎಂಬ ಪ್ರೋಗ್ರಾಂ ಹಾಕಿದ್ದೇವೆ, ಸಿಜಿನ್ಯಾಟ್ ಹಿಂದೆ ಇದ್ದರೂ ನಡೆಯುತ್ತದೆ, ಹೆಚ್ಚುವರಿ ಐಪಿಗೆ ಹಣವಿಲ್ಲ. ಪ್ರತಿ ಮಗುವಿನ ಯಂತ್ರದಲ್ಲೂ ಅದನ್ನು ಹಾಕಿ ಲಾಗಿನ್ ಮಾಡಿಸುವ ಕೆಲಸವಿದೆ, ನೇರ ಜೋಡಣೆ ಸಿಗದಿದ್ದಾಗ ಮಧ್ಯದ ಸರ್ವರ್ ಮೂಲಕ ಸುತ್ತಿ ಬರುವುದರಿಂದ ಆಟ ಸ್ವಲ್ಪ ಎಳೆದಾಡುತ್ತದೆ.

ಜಾಲಪಾಲಕ:

ಟೀಚರಮ್ಮನವರು ಹೇಳಿದ್ದು ಸರಿ. ಆಡುವವರು ಐದಾರು ಜನ ಪರಿಚಿತರೇ ಆಗಿದ್ದರೆ ಅವರ ದಾರಿ ನನ್ನದಕ್ಕಿಂತ ಒಳ್ಳೆಯದು. ಪೋರ್ಟ್ ತೆರೆಯುವುದೇ ಆದರೆ `server.properties` ನಲ್ಲಿ ಈ ಮೂರು ಸಾಲುಗಳು ಹೀಗೆಯೇ ಇರಬೇಕು:

```
online-mode=true
white-list=true
enforce-whitelist=true
```

25565 ನ್ನು ಹುಡುಕುತ್ತಲೇ ಇರುವ ಬಾಟ್‌ಗಳಿವೆ. ಸರ್ವರಿನ ಲಾಗ್‌ನಲ್ಲಿ ಗುರುತಿಲ್ಲದ ಹೆಸರಿನ ಮುಂದೆ `You are not whitelisted on this server!` ಎಂದು ಕಂಡರೆ ಬಾಗಿಲು ಕಾಯುವ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದರ್ಥ.

ಕಡಲೂರ ಆಟಗಾರ:

ಆದರೆ ಹಣ ಕೊಟ್ಟು ಆಟ ಕೊಳ್ಳದ ಮಕ್ಕಳು ಬರಬೇಕೆಂದರೆ `online-mode=false` ಇಡಲೇಬೇಕಾಗುತ್ತದೆ. ವೈಟ್‌ಲಿಸ್ಟ್ ಇದ್ದರೆ ಸಾಕಲ್ಲವೇ?

ಜಾಲಪಾಲಕ:

ಸಾಲದು. ಆ ಸ್ಥಿತಿಯಲ್ಲಿ ಸರ್ವರ್ ಖಾತೆಯನ್ನು ಪರಿಶೀಲಿಸುವುದಿಲ್ಲ, ಬಂದವರು ಹೇಳಿದ ಹೆಸರನ್ನೇ ನಂಬುತ್ತದೆ. ವೈಟ್‌ಲಿಸ್ಟಿನಲ್ಲಿರುವ ಒಂದು ಹೆಸರು ತಿಳಿದ ಯಾರಾದರೂ ಆ ಹೆಸರಿನಲ್ಲಿ ಒಳಗೆ ಬರಬಹುದು, ಅದು ಆಪರೇಟರ್ ಹಕ್ಕಿರುವ ಹೆಸರಾದರೆ ಇನ್ನೂ ಕಷ್ಟ. ಮಕ್ಕಳು ಆಡುವ ಅಂಥ ಸರ್ವರನ್ನು ಸಾರ್ವಜನಿಕ ಐಪಿಯಲ್ಲಿ ಇಡಲೇಬೇಡಿ.

ಚೆನ್ನಮ್ಮ ಸರ್ಕಲ್:

ಕಂಪನಿಯ ಆ್ಯಪ್ ಹಾಕಿದೆ, ಅಂಗಡಿಯ ಕ್ಯಾಮೆರಾಗಳು ಈಗ ಕಾಣುತ್ತಿವೆ. ಡಿವಿಆರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿದರೂ ಆ್ಯಪ್ ನಡೆಯುತ್ತಿದೆ. ಆದರೆ ಆ ಕಂಪನಿಯ ಸರ್ವರ್ ಮೂಲಕ ಹೋಗುವ ನನ್ನ ವಿಡಿಯೋವನ್ನು ಅವರೂ ನೋಡಬಹುದೇ?

ಬೆಣ್ಣೆನಗರಿ:

ಸಾರ್ವಜನಿಕ ಐಪಿ ಬಂತು. 25565 ಕ್ಕೆ `True`, ಉಳಿದ ಎರಡಕ್ಕೆ `False`. ಶಿವಮೊಗ್ಗದ ಹುಡುಗ ಸೇರಿದ, ಪುಣೆಯವರೂ ಸೇರಿದರು. ಎಲ್ಲರ ಹತ್ತಿರವೂ ಕೊಂಡ ಆಟವೇ ಇರುವುದರಿಂದ ಆ ಮೂರು ಸಾಲುಗಳನ್ನು ಹಾಗೆಯೇ ಇಟ್ಟಿದ್ದೇನೆ. ಸರ್ವರ್ ಓಡಿಸುವ ಲ್ಯಾಪ್‌ಟಾಪಿನಿಂದ ಮನೆಯ ಲೆಕ್ಕಪತ್ರ, ಫೋಟೋಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಿದೆ.

ಒಂದು ಸಂದೇಹ ಉಳಿದಿದೆ. ರೂಟರ್‌ನ ಪುಟದಲ್ಲಿ ನಮಗೆ ಐಪಿವಿ6 ವಿಳಾಸವೂ ಇದೆ. ಅದರಲ್ಲಿ ನ್ಯಾಟ್ ಇರುವುದಿಲ್ಲವಂತೆ. ಹಾಗಿದ್ದರೆ ಹಣ ಕೊಡದೆಯೂ ಆಗುತ್ತಿತ್ತೇ?

ಜಾಲಪಾಲಕ:

ಆಗುವ ಸಾಧ್ಯತೆಯಿದೆ, ಜಾವಾ ಸರ್ವರ್ ಐಪಿವಿ6 ನಲ್ಲೂ ಕೆಲಸ ಮಾಡುತ್ತದೆ. ಆದರೆ ಸೇರುವವರ ಸಂಪರ್ಕದಲ್ಲೂ ಐಪಿವಿ6 ಇರಬೇಕು. ನ್ಯಾಟ್ ಇಲ್ಲದಿದ್ದರೂ ರೂಟರ್‌ನ ಐಪಿವಿ6 ಫೈರ್‌ವಾಲ್ ಒಳಬರುವ ಕರೆಯನ್ನು ತಡೆಯುತ್ತದೆ, ತಡೆಯಲೇಬೇಕು. ಒಂದು ಯಂತ್ರದ ಒಂದು ಪೋರ್ಟಿಗೆ ಮಾತ್ರ ಅನುಮತಿ ಬರೆಯುವ ಜಾಗ ನಿಮ್ಮ ಓಎನ್‌ಟಿಯಲ್ಲಿದೆಯೇ ನೋಡಿ. ಕೆಲವು ಓಎನ್‌ಟಿಗಳಲ್ಲಿ ಐಪಿವಿ6 ಫೈರ್‌ವಾಲ್ ಆನ್ ಅಥವಾ ಆಫ್ ಎಂಬ ಒಂದೇ ಗುಂಡಿ ಇರುತ್ತದೆ. ಅಂಥದ್ದಾದರೆ ಅದನ್ನು ಮುಟ್ಟಬೇಡಿ, ಆಫ್ ಮಾಡಿದರೆ ಡಿವಿಆರ್ ಸೇರಿದಂತೆ ಐಪಿವಿ6 ವಿಳಾಸವಿರುವ ಎಲ್ಲ ಸಾಧನಗಳೂ ಹೊರಗಿನಿಂದ ನೇರವಾಗಿ ಸಿಗುತ್ತವೆ.

ಚೆನ್ನಮ್ಮ ಸರ್ಕಲ್ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಆ ಆ್ಯಪ್ ವಿಡಿಯೋವನ್ನು ಕೊನೆಯಿಂದ ಕೊನೆಯವರೆಗೆ ಗೂಢಲಿಪಿಯಲ್ಲಿ ಕಳುಹಿಸುತ್ತದೆಯೇ ಎಂಬುದರ ಮೇಲೆ ನಿಂತಿದೆ. ಡಿವಿಆರ್‌ನ ಮಾದರಿ ಸಂಖ್ಯೆ ಹಾಕಿ ಪ್ರತ್ಯೇಕ ಎಳೆ ತೆರೆಯಿರಿ, ಅದೇ ಮಾದರಿ ಬಳಸುವವರು ಇಲ್ಲಿ ಇದ್ದಾರೆ.